ಮಾತು ಮಾತಿಗೂ ಆಫೀಸಿನ ಅದೇ ಹೆಸರು: ಅನುಮಾನ ಪಡುವ ಮೊದಲು ಏನು ಮಾಡಬೇಕು?

ಹೊಸ ಕೆಲಸಕ್ಕೆ ಸೇರಿದ ಹೆಂಡತಿಯೋ ಗಂಡನೋ ದಿನಾ ಸಂಜೆ ಮನೆಗೆ ಬಂದು ಒಂದೇ ಹೆಸರು ಹೇಳುತ್ತಿದ್ದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ. ‘ಕಿರಣ್ ಹೀಗಂದ, ಕಿರಣ್ ಹಾಗಂದ.’ ಮೊದಲ ವಾರ ನಗುತ್ತಾ ಕೇಳುತ್ತೇವೆ. ಮೂರನೇ ವಾರದ ಹೊತ್ತಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಆಮೇಲೆ ಎರಡೇ ದಾರಿ ಅನ್ನಿಸುತ್ತದೆ: ಒಂದೋ ಜಗಳ ತೆಗೆಯುವುದು, ಇಲ್ಲಾ ಮೊಬೈಲ್ ತಡಕುವುದು. ಎರಡರಿಂದಲೂ ನಿಜ ಗೊತ್ತಾಗುವುದು ಅಪರೂಪ.

ನಿಜ ಏನು ಅಂತ ಆದಷ್ಟು ಸರಿಯಾಗಿ ತಿಳಿದುಕೊಳ್ಳುವುದು ಹೇಗೆ, ತಿಳಿದ ಮೇಲೆ ಹೇಗೆ ಮಾತಾಡುವುದು ಅಂತ ಇಲ್ಲಿ ಹೇಳುತ್ತೇನೆ. ಹೆಸರು ಎಷ್ಟು ಸಲ ಬಂತು ಅನ್ನುವ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು ವಿಷಯವೂ ಇದೆ. ಹೊಟ್ಟೆಕಿಚ್ಚು ನಮ್ಮ ಕಣ್ಣನ್ನು ಮಾತ್ರ ಕೆಡಿಸುವುದಲ್ಲ, ಎದುರಿಗಿರುವವರ ನಡತೆಯನ್ನೂ ಬದಲಾಯಿಸುತ್ತದೆ. ಅಲ್ಲೇ ಬಹಳ ಜನ ಎಡವುವುದು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಗಂಡ ಮಂಜುನಾಥ, ಹೆಂಡತಿ ಶಿಲ್ಪಾ ಅಂತ ಇಟ್ಟುಕೊಳ್ಳಿ. ಮನೆ ಮಂಡ್ಯದಲ್ಲಿ. ಅವನದು ಬೀಜ, ಗೊಬ್ಬರದ ಅಂಗಡಿ. ಅವಳು ಎರಡು ತಿಂಗಳ ಹಿಂದೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದಾಳೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುತ್ತಾಳೆ. ಕಿರಣ್ ಅವಳ ಪಕ್ಕದ ಟೇಬಲ್ಲಿನವನು. ಮದ್ದೂರಲ್ಲಿ ಅದೇ ರೈಲು ಹತ್ತುತ್ತಾನೆ. ಇಲ್ಲಿ ಅನುಮಾನ ಗಂಡನದು, ಅಷ್ಟೇ. ಹೆಂಡತಿಗೆ ಗಂಡನ ಮೇಲೆ ಬಂದರೂ ಲೆಕ್ಕ ಇದೇ.

ಮೊದಲು: ಹೊಸತನಕ್ಕೆ ಸಿಗಬೇಕಾದ ರಿಯಾಯಿತಿ ಕೊಡಿ

ಹೊಸ ಕೆಲಸದ ಮೊದಲ ಎರಡು ಮೂರು ತಿಂಗಳು ತಲೆ ತುಂಬ ಅದೇ ಇರುತ್ತದೆ. ಯಾವ ಬಿಲ್ಲು ಎಲ್ಲಿ ಹಾಕಬೇಕು, ಯಾರ ಹತ್ತಿರ ರಜೆ ಕೇಳಬೇಕು, ಯಾವ ಮ್ಯಾನೇಜರ್ ಯಾವಾಗ ಸಿಡುಕುತ್ತಾನೆ. ಇದನ್ನೆಲ್ಲ ಹೇಳಿಕೊಡುವವರು ಒಬ್ಬಿಬ್ಬರೇ. ಆ ಒಬ್ಬರ ಹೆಸರು ಪ್ರತಿ ಕಥೆಯಲ್ಲೂ ಬರುವುದು ಸಹಜ. ಆ ಜಾಗದಲ್ಲಿ ಐವತ್ತೈದರ ಸರೋಜಮ್ಮ ಕೂತಿದ್ದರೆ ಆ ಹೆಸರೂ ಅಷ್ಟೇ ಸಲ ಬರುತ್ತಿತ್ತು. ಆದರೆ ನೀವು ಎಣಿಸುತ್ತಿರಲಿಲ್ಲ.

ಹಾಗಾಗಿ ಮೊದಲ ಪರೀಕ್ಷೆ ಇದು. ನೀವು ಕೇಳಿದ ಒಂದೊಂದು ಮಾತಿನಲ್ಲೂ ಕಿರಣ್ ಹೆಸರು ತೆಗೆದು ಸರೋಜಮ್ಮ ಅಂತ ಹಾಕಿ ನೋಡಿ. ‘ಸರೋಜಮ್ಮ ಎಂಟ್ರಿ ತಪ್ಪು ಹಿಡಿದುಕೊಟ್ಟರು.’ ‘ಸರೋಜಮ್ಮ ರೈಲಿನಲ್ಲಿ ಸೀಟು ಹಿಡಿದಿದ್ದರು.’ ಮಾತು ಸಪ್ಪೆಯಾಯಿತಾ? ಹಾಗಾದರೆ ನಿಮ್ಮನ್ನು ಚುಚ್ಚಿದ್ದು ಮಾತಲ್ಲ, ಅದರೊಳಗಿದ್ದ ಗಂಡಸು. ಕೆಲವು ಮಾತು ಮಾತ್ರ ಹೆಸರು ಬದಲಾಯಿಸಿದರೂ ವಿಚಿತ್ರವಾಗಿಯೇ ಕೇಳಿಸುತ್ತವೆ. ‘ರಾತ್ರಿ ಹನ್ನೊಂದಕ್ಕೆ ಸರೋಜಮ್ಮ ಮೆಸೇಜ್ ಮಾಡಿ, ಊಟ ಆಯ್ತಾ ಅಂತ ಕೇಳಿದರು.’ ಅಂಥವನ್ನು ಪಕ್ಕಕ್ಕೆ ಎತ್ತಿಡಿ. ಇನ್ನೂ ತೀರ್ಪು ಕೊಡಬೇಡಿ.

ಎರಡನೆಯದು: ಕೇಳಿದ್ದನ್ನೂ ಸೇರಿಸಿದ್ದನ್ನೂ ಬೇರೆ ಬೇರೆ ಬರೆಯಿರಿ

ಇಡೀ ಕ್ರಮದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎರಡು ವಾರ ಸಾಕು. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡ, ಬಲ ಅಂತ ಎರಡು ಭಾಗ ಮಾಡಿ. ಎಡಕ್ಕೆ ಅವಳ ಬಾಯಿಂದ ಬಂದ ಮಾತು, ಆದಷ್ಟು ಹಾಗೆಯೇ. ಬಲಕ್ಕೆ ಅದನ್ನು ಕೇಳಿ ನಿಮಗೆ ಅನ್ನಿಸಿದ್ದು. ಅದೇ ದಿನ ಬರೆಯಬೇಕು. ಎರಡು ದಿನ ಬಿಟ್ಟು ಬರೆದರೆ ನೆನಪೇ ಕಥೆ ಕಟ್ಟಿರುತ್ತದೆ. ಹೆಸರು ಬರದ ದಿನವನ್ನೂ ‘ಇಲ್ಲ’ ಅಂತ ಬರೆಯಿರಿ. ಅದನ್ನು ಬಿಟ್ಟರೆ ಹಾಳೆ ತುಂಬ ಕಿರಣನೇ ಕಾಣುತ್ತಾನೆ.

ಬರೆದ ಹಾಳೆಯನ್ನು ಹುಷಾರಾಗಿ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ. ಇದು ಹೆಂಡತಿಯ ಮೇಲೆ ಹಾಕುವ ಕೇಸಿನ ಕಡತ ಅಲ್ಲ. ನಿಮ್ಮ ತಲೆಯನ್ನು ನೀವೇ ತಪಾಸಣೆ ಮಾಡಿಕೊಳ್ಳುವ ಚೀಟಿ.

ಮಂಜುನಾಥನ ಹಾಳೆ ಹೀಗಿತ್ತು ಅಂದುಕೊಳ್ಳಿ.

ಸೋಮವಾರ, ಎಡಕ್ಕೆ: ‘ಟ್ಯಾಲಿಯಲ್ಲಿ ಒಂದು ಎಂಟ್ರಿ ಎರಡು ಸಲ ಹೋಗಿತ್ತು. ಕಿರಣ್ ನೋಡಿ ಹೇಳ್ದ, ಇಲ್ದಿದ್ರೆ ಬೈಸ್ಕೋಬೇಕಿತ್ತು.’ ಬಲಕ್ಕೆ: ‘ಇಡೀ ದಿನ ಅವನ ಪಕ್ಕದಲ್ಲೇ ಕೂತಿರ್ತಾಳೆ.’

ಬುಧವಾರ, ಎಡಕ್ಕೆ: ‘ಕಿರಣ್ ಮದ್ದೂರಲ್ಲೇ ಹತ್ತಿ ಸೀಟು ಹಿಡಿದಿದ್ದ. ನಾನೂ ಸವಿತಕ್ಕನೂ ಕೂತ್ಕೊಂಡ್ವಿ.’ ಬಲಕ್ಕೆ: ‘ಅವಳಿಗೋಸ್ಕರ ಸೀಟು ಹಿಡಿದಿದ್ದಾನೆ.’

ಶುಕ್ರವಾರ ರಾತ್ರಿ. ಮೊಬೈಲ್ ನೋಡಿ ನಕ್ಕಳು. ‘ಯಾರದು?’ ‘ಆಫೀಸ್ ಗ್ರೂಪು.’ ಬಲಕ್ಕೆ: ‘ಸುಳ್ಳು.’

ಬುಧವಾರದ ಸಾಲನ್ನು ಇನ್ನೊಮ್ಮೆ ನೋಡಿ. ಎಡಗಡೆ ಇದ್ದ ಸವಿತಕ್ಕ ಬಲಗಡೆಗೆ ಬರುವಷ್ಟರಲ್ಲಿ ಮಾಯವಾಗಿದ್ದಾಳೆ. ಮೂವರು ಕೂತ ಸೀಟಿನಲ್ಲಿ ಇಬ್ಬರೇ ಉಳಿದರು. ಹೊಟ್ಟೆಕಿಚ್ಚು ಕೆಲಸ ಮಾಡುವುದೇ ಹೀಗೆ. ಇಲ್ಲದ್ದನ್ನು ಹುಟ್ಟಿಸುವುದು ಕಡಿಮೆ, ಇದ್ದದ್ದರಲ್ಲಿ ಬೇಡದ್ದನ್ನು ಸದ್ದಿಲ್ಲದೆ ಅಳಿಸುವುದು ಜಾಸ್ತಿ. ಮೂರನೇ ಮನುಷ್ಯ, ಕೆಲಸದ ಕಾರಣ, ಅವಳೇ ತಾನಾಗಿ ಹೇಳಿದಳು ಅನ್ನುವುದು, ಇವು ಮೊದಲು ಅಳಿಸಿಹೋಗುತ್ತವೆ. ಇದು ಹಾಳೆಯ ಮೇಲೆ ಬರೆದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ತಲೆಯಲ್ಲಿ ಎಡ ಯಾವುದು ಬಲ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಶುಕ್ರವಾರದ ‘ಸುಳ್ಳು’ ಅನ್ನುವ ಪದಕ್ಕೆ ಎಡಗಡೆ ಯಾವ ಆಧಾರವೂ ಇಲ್ಲ. ಅದನ್ನು ಹೊಡೆದು ಹಾಕಬೇಕು.

ಎರಡನೇ ವಾರದಲ್ಲಿ ಮಾತ್ರ ಎರಡು ಸಾಲು ಬೇರೆ ಥರ ಇದ್ದವು. ಒಂದು: ‘ಪಾಪ ರೀ, ಕಿರಣ್‌ಗೆ ಮನೇಲಿ ನೆಮ್ಮದಿ ಇಲ್ವಂತೆ. ಹೆಂಡತಿ ತವರಿಗೆ ಹೋಗಿ ಕೂತಿದ್ದಾಳಂತೆ.’ ಇನ್ನೊಂದು: ರೈಲು ತಡವಾದ ದಿನ ಕಿರಣ್ ಜೊತೆ ಸ್ಟೇಷನ್ನಿನಲ್ಲಿ ಕೂತು ಕಾಫಿ ಕುಡಿದಿದ್ದನ್ನು ಶಿಲ್ಪಾ ಹೇಳಲಿಲ್ಲ, ಸಂತೆಯಲ್ಲಿ ಸಿಕ್ಕ ಸವಿತಕ್ಕ ಮಾತಿನ ನಡುವೆ ಹೇಳಿದಳು. ಈ ಎರಡು ಸರೋಜಮ್ಮನ ಪರೀಕ್ಷೆಯಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಇವು ಉಳಿಯಲಿ.

ಮೂರನೆಯದು: ನಿಮ್ಮನ್ನು ತಪ್ಪು ಅಂತ ತೋರಿಸಬಲ್ಲ ಪ್ರಶ್ನೆ ಹುಡುಕಿ

1960ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಸರಳ ಪ್ರಯೋಗ ಪ್ರಕಟಿಸಿದ. 2, 4, 6 ಅಂತ ಮೂರು ಸಂಖ್ಯೆ ಕೊಟ್ಟು, ಇದರ ಹಿಂದಿನ ನಿಯಮ ಹುಡುಕಿ, ನಿಮ್ಮದೇ ಸಂಖ್ಯೆಗಳನ್ನು ಹೇಳಿ ಪರೀಕ್ಷಿಸಿ ಅಂದ. ಹೆಚ್ಚಿನವರು ‘ಎರಡೆರಡು ಕೂಡಿಸುವುದು’ ಅಂತ ಊಹಿಸಿ 8, 10, 12 ಅಂತ ಹೇಳಿದರು. ಸರಿ ಅಂತ ಉತ್ತರ ಬಂತು. ಇನ್ನೂ ಅಂಥವೇ ಹೇಳಿದರು, ಎಲ್ಲವೂ ಸರಿ. ಖಾತ್ರಿಯಾಗಿ ನಿಯಮ ಹೇಳಿದರು, ತಪ್ಪಾಯಿತು. ನಿಜವಾದ ನಿಯಮ ‘ಏರುತ್ತಾ ಹೋಗುವ ಯಾವ ಮೂರು ಸಂಖ್ಯೆಯಾದರೂ ಸರಿ’ ಎಂದಿತ್ತು. 1, 7, 50 ಅಂತ ಒಂದು ಸಲ ಕೇಳಿದ್ದರೂ ಅವರ ಊಹೆ ಅಲ್ಲೇ ಮುರಿಯುತ್ತಿತ್ತು. ಕೇಳಲಿಲ್ಲ.

ಅನುಮಾನದಲ್ಲಿ ಇರುವವರು ಮಾಡುವುದೂ ಇದನ್ನೇ. ಹೊಸ ಸೀರೆ ಉಟ್ಟಳಾ? ಹೌದು. ಮೊಬೈಲ್ ಮಗುಚಿ ಇಟ್ಟಳಾ? ಹೌದು. ತಡವಾಗಿ ಬಂದಳಾ? ಹೌದು. ಎಲ್ಲವೂ ‘ಸರಿ’ ಹೊಂದುತ್ತದೆ. ಆದರೆ ಹೊಸ ಕೆಲಸಕ್ಕೆ ಸೇರಿದ, ಯಾರ ಮೇಲೂ ಮನಸ್ಸಿಲ್ಲದ ಹೆಂಗಸೂ ಹೊಸ ಸೀರೆ ಉಡುತ್ತಾಳೆ, ರೈಲು ತಡವಾದರೆ ತಡವಾಗಿಯೇ ಬರುತ್ತಾಳೆ. ಎರಡೂ ಕಥೆಗೆ ಹೊಂದುವ ಸಂಗತಿ ಯಾವ ಕಥೆಗೂ ಸಾಕ್ಷಿ ಅಲ್ಲ.

ಈಗ ಹಾಳೆಯ ಎಡಗಡೆ ಉಳಿದ ಒಂದೊಂದು ಸಂಗತಿಗೂ ಕೇಳಿಕೊಳ್ಳಿ: ಇದು ಬರೀ ಸ್ನೇಹವಾಗಿದ್ದರೂ ಹೀಗೇ ಆಗುತ್ತಿತ್ತಾ? ಹೌದು ಅಂದರೆ ಗೀಟು ಹಾಕಿ. ನಗು, ಬಟ್ಟೆ, ಉತ್ಸಾಹ, ಸುಸ್ತು, ಎಲ್ಲಕ್ಕೂ ಗೀಟು ಬೀಳುತ್ತದೆ. ಆಮೇಲೆ ಉಲ್ಟಾ ಕೇಳಿಕೊಳ್ಳಿ: ಏನನ್ನು ಕಂಡರೆ ನನ್ನ ಅನುಮಾನ ಬಿಡುತ್ತೇನೆ? ಉತ್ತರವನ್ನು ಮೊದಲೇ ಬರೆದಿಡಿ. ‘ಕಿರಣ್ ಜೊತೆಗಿನ ಊಟಕ್ಕೆ ಅವಳೇ ನನ್ನನ್ನೂ ಕರೆದರೆ’, ‘ಅವನ ಬಗ್ಗೆ ಬೇಜಾರಿನ ಮಾತೂ ಆಡಿದರೆ’, ಹೀಗೆ ಏನಾದರೂ. ಒಂದೂ ಹೊಳೆಯದಿದ್ದರೆ ಅದೇ ಮುಖ್ಯ ಸುದ್ದಿ. ಯಾವ ಸಂಗತಿಯಿಂದಲೂ ಅಲುಗಾಡದ ಅನುಮಾನ ಕಿರಣನ ವಿಷಯದ್ದಲ್ಲ, ನಿಮ್ಮದೇ.

ನಾಲ್ಕನೆಯದು: ನಿಜವಾಗಿ ನೋಡಬೇಕಾದ್ದು

ಒಲವು ಹುಟ್ಟುವಾಗ ಹುಟ್ಟಿಸಿಕೊಂಡವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಹೆಸರು ಹೇಳುವುದು ಖುಷಿ ಕೊಡುತ್ತದೆ, ಅದಕ್ಕೇ ಹೇಳುತ್ತಾರೆ. ಆದ್ದರಿಂದ ‘ಬಾಯ್ತುಂಬ ಹೇಳುತ್ತಾಳೆ, ಏನೂ ಇಲ್ಲ’ ಅನ್ನುವುದೂ ಪೂರ್ತಿ ಸರಿಯಲ್ಲ. ಗಮನಿಸಬೇಕಾದ್ದು ಮಾತು ಯಾವ ಕಡೆಗೆ ಹರಿಯುತ್ತಿದೆ ಅನ್ನುವುದನ್ನು. ಆಫೀಸಿನ ಮಾತು ಮನೆಗೆ ಬರುತ್ತಿದ್ದರೆ ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ. ಮನೆಯ ಒಳಮಾತು, ಅಂದರೆ ಗಂಡನ ಮೇಲಿನ ಬೇಜಾರು, ಅತ್ತೆಯ ಜೊತೆಗಿನ ಜಗಳ, ದುಡ್ಡಿನ ಕಷ್ಟ, ನಿಮಗಿಂತ ಮೊದಲು ಅಲ್ಲಿಗೆ ಹೋಗತೊಡಗಿದರೆ ಅದು ಬದಲಾವಣೆ. ಅವನ ಸಂಸಾರದ ಕಷ್ಟ ಇವಳ ಹತ್ತಿರ, ಇವಳದು ಅವನ ಹತ್ತಿರ, ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳುವವರಾದರೆ ನಂಟು ಬೇಗ ಬಿಗಿಯಾಗುತ್ತದೆ. ಯಾರಿಗೂ ಕೆಟ್ಟ ಉದ್ದೇಶ ಇರಬೇಕಾಗಿಲ್ಲ.

ಇನ್ನೊಂದು, ಭೇಟಿ ಹೆಚ್ಚಾಗುತ್ತಾ ಹೆಸರು ಕಡಿಮೆಯಾಗುವುದು. ಎಲ್ಲರೂ ಹೇಳುವ ಲಕ್ಷಣ ಇದು. ನಿಜವೂ ಹೌದು, ಆದರೆ ಇದರಲ್ಲೇ ದೊಡ್ಡ ಹೊಂಡ ಇದೆ.

ಹೆಸರು ನಿಂತುಹೋಗಲು ಮೂರು ಕಾರಣ ಇರಬಹುದು. ಹೊಸತನ ಕಳೆಯಿತು, ಹೇಳುವಂಥದ್ದೇನೂ ಇಲ್ಲ. ಅಥವಾ ಮುಚ್ಚಿಡುತ್ತಿದ್ದಾಳೆ. ಅಥವಾ, ಹೇಳಿದಾಗ ನಿಮ್ಮ ಮುಖ ಹೇಗಾಗುತ್ತದೆ ಅಂತ ಅವಳಿಗೆ ಗೊತ್ತಾಗಿದೆ. ಮಂಜುನಾಥ ಮೊದಲ ವಾರದ ಕೊನೆಗೆ ಊಟಕ್ಕೆ ಕೂತಾಗ ‘ಇನ್ನೊಂದು ಸಲ ಕಿರಣ್ ಅಂದ್ರೆ ತಟ್ಟೆ ಬಿಟ್ಟು ಎದ್ದೋಗ್ತೀನಿ’ ಅಂದಿದ್ದ. ಕಾಫಿಯ ವಿಷಯ ಅವಳು ಹೇಳದೆ ಇದ್ದದ್ದು ಅದಾದ ಐದು ದಿನಕ್ಕೆ. ಈಗ ಆ ಮೌನದ ತೂಕ ಎಷ್ಟು? ಬಹಳ ಕಡಿಮೆ. ಹೇಳಿದರೆ ಬೈಗುಳ, ಹೇಳದಿದ್ದರೆ ಅನುಮಾನ. ಅವಳಿಗೆ ಬೇರೆ ದಾರಿಯನ್ನೇ ಬಿಟ್ಟಿಲ್ಲವಲ್ಲ.

ಅದಕ್ಕೇ ಹಾಳೆಯಲ್ಲಿ ಇನ್ನೊಂದನ್ನು ಬರೆಯಬೇಕು: ನೀವು ಯಾವ ದಿನ ಸಿಡುಕಿದಿರಿ, ಕುಟುಕಿದಿರಿ, ಮುಖ ಊದಿಸಿಕೊಂಡಿರಿ. ಆ ದಿನದಿಂದ ಮುಂದೆ ಕಂಡ ಮೌನವನ್ನು ಸಾಕ್ಷಿಯಾಗಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನೀವು ಒಂದು ಸಲವೂ ಕುಟುಕದೆ ಇದ್ದು, ಆದರೂ ಇಂಥ ಸಂಗತಿಗಳು ಒಂದಾದ ಮೇಲೆ ಒಂದು ಬೇರೆಯವರ ಬಾಯಿಂದ ತಿಳಿಯುತ್ತಿದ್ದರೆ, ಅದಕ್ಕೆ ತೂಕ ಇದೆ.

ಮಾಡಬಾರದ್ದು

ಮೊಬೈಲ್ ತಡಕಬೇಡಿ. ನೀತಿಯ ಮಾತು ಬಿಡಿ, ಅದರಿಂದ ಕೆಲಸವೇ ಆಗುವುದಿಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2009ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಫೇಸ್‌ಬುಕ್‌ನಲ್ಲಿ ಹೆಚ್ಚು ಹೊತ್ತು ಕಳೆದವರಲ್ಲಿ ಅದಕ್ಕೆ ಸಂಬಂಧಿಸಿದ ಹೊಟ್ಟೆಕಿಚ್ಚೂ ಹೆಚ್ಚು ಕಂಡಿತು. ಅರ್ಧಂಬರ್ಧ ಕಂಡದ್ದು ಅನುಮಾನ ಹೆಚ್ಚಿಸುತ್ತದೆ, ಅನುಮಾನ ಮತ್ತೆ ನೋಡಿಸುತ್ತದೆ, ಹೀಗೊಂದು ಸುತ್ತು ಇರಬಹುದು ಅಂತ ಅವರು ಅಂದರು. ‘ಓಕೆ, ನಾಳೆ ಸಿಗೋಣ’ ಅನ್ನುವ ಮೆಸೇಜ್ ರಾತ್ರಿ ಒಂದು ಗಂಟೆಗೆ, ಕತ್ತಲಲ್ಲಿ, ಕದ್ದು ಓದಿದರೆ ಹೇಗೆ ಕಾಣಿಸುತ್ತದೆ ಅಂತ ನೀವೇ ಯೋಚಿಸಿ.

ಸವಿತಕ್ಕನನ್ನು ಗೂಢಚಾರಿ ಮಾಡಬೇಡಿ. ಕಿರಣನಿಗೆ ಫೋನ್ ಮಾಡಬೇಡಿ. ಅಮ್ಮನ ಹತ್ತಿರವಂತೂ ಹೇಳಲೇಬೇಡಿ. ನೀವು ನಾಳೆ ಮರೆತರೂ ಅವರು ಮರೆಯುವುದಿಲ್ಲ. ಮಂಡ್ಯದಂಥ ಊರಲ್ಲಿ ಸಂಜೆಯೊಳಗೆ ಬೀಗರ ಮನೆಗೂ ಮುಟ್ಟಿರುತ್ತದೆ.

ಐದನೆಯದು: ಮಾತಾಡುವುದು

ಜಾಗ ಮತ್ತು ಹೊತ್ತು ಮುಖ್ಯ. ರೈಲಿಗೆ ಓಡುವ ಬೆಳಿಗ್ಗೆ ಬೇಡ, ಮಲಗುವ ಹೊತ್ತೂ ಬೇಡ. ಅತ್ತೆ, ಮಕ್ಕಳು ಇರುವ ಮನೆಯಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೂ ಜಗಳದ ಹಾಗೆ ಕೇಳಿಸುತ್ತದೆ. ಭಾನುವಾರ ಮೈಸೂರಿಗೆ ಹೋಗಿ ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಸುತ್ತು ನಡೆಯಿರಿ. ಪಕ್ಕಪಕ್ಕ ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಕಷ್ಟದ ಮಾತಿಗೆ ಅದು ಒಳ್ಳೆಯದು.

ಮಾತಿಗೆ ಮೂರು ಭಾಗ ಸಾಕು. ಒಂದು, ಹಾಳೆಯ ಎಡಗಡೆ ಇರುವ ಒಂದೇ ಒಂದು ಸಂಗತಿ. ಎರಡು, ಬಲಗಡೆ ಇರುವುದನ್ನು ‘ಇದು ನನ್ನ ತಲೆಯಲ್ಲಿ ಬಂದದ್ದು’ ಅಂತ ಒಪ್ಪಿಕೊಂಡು ಹೇಳುವುದು. ಮೂರು, ಬಾಯಿಬಿಟ್ಟು ಉತ್ತರಿಸಬಹುದಾದ ಪ್ರಶ್ನೆ. ಮಂಜುನಾಥ ಹೀಗೆ ಹೇಳಬಹುದು:

‘ಶಿಲ್ಪಾ, ಅವತ್ತು ರೈಲು ಲೇಟಾದಾಗ ಕಿರಣ್ ಜೊತೆ ಕಾಫಿ ಕುಡಿದ್ರಂತೆ, ಸವಿತಕ್ಕ ಹೇಳಿದ್ರು. ನೀನು ಹೇಳಲಿಲ್ವಲ್ಲ ಅಂತ ನನ್ನ ತಲೇಲಿ ಏನೇನೋ ಓಡ್ತು. ಹಿಂದಿನ ವಾರ ನಾನು ಎಗರಾಡಿದ್ದಕ್ಕೆ ಹೇಳಲಿಲ್ವೋ, ಬೇರೆ ಏನಾದ್ರೂ ಇದೆಯೋ? ಹೇಗಿದೆಯೋ ಹಾಗೆ ಹೇಳು, ನಾನು ಎದ್ದೋಗಲ್ಲ.’

‘ನಿಂಗೂ ಅವನಿಗೂ ಏನು?’ ಅಂತ ಕೇಳಿದರೆ ಬರುವ ಉತ್ತರ ಒಂದೇ, ‘ಏನಿಲ್ಲ’. ಕಳ್ಳಿಯೂ ಅದನ್ನೇ ಹೇಳುತ್ತಾಳೆ, ಮುಗ್ಧಳೂ ಅದನ್ನೇ ಹೇಳುತ್ತಾಳೆ. ಆ ಪ್ರಶ್ನೆಯಿಂದ ನಿಮಗೆ ದಕ್ಕುವುದು ಸೊನ್ನೆ.

ಉತ್ತರ ಕೇಳುವಾಗ ಸಿಟ್ಟನ್ನು ಅಪರಾಧದ ಗುರುತು ಅಂತ ಓದಬೇಡಿ. ಸುಮ್ಮನೆ ಅನುಮಾನ ಪಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ, ಅವತ್ತೋ ಮಾರನೇ ದಿನವೋ, ಅವಳು ವಿಷಯಕ್ಕೆ ವಾಪಸ್ ಬರುತ್ತಾಳಾ ನೋಡಿ. ವಿವರ ಕೊಟ್ಟು ‘ನಿಮಗೆ ಹಾಗನ್ನಿಸಿತಾ?’ ಅಂತ ಕೇಳಿದರೆ ಒಂದು ಥರ. ವಾರವಾದರೂ ವಿಷಯ ಮುಟ್ಟಲು ಬಿಡದೆ, ನೀವು ಹೇಗೆ ಕೇಳಿದಿರಿ ಅನ್ನುವುದನ್ನೇ ಹಿಡಿದು ಜಗ್ಗುತ್ತಿದ್ದರೆ ಇನ್ನೊಂದು ಥರ. ಎರಡನೆಯದೂ ರುಜುವಾತಲ್ಲ, ಆದರೆ ಗೀಟು ಹೊಡೆಯುವಂಥದ್ದೂ ಅಲ್ಲ.

ಶಿಲ್ಪಾ ಮೊದಲು ಸಿಡುಕಿದಳು ಅಂದುಕೊಳ್ಳಿ. ‘ಹೇಳಿದ್ರೆ ಮುಖ ಊದಿಸ್ಕೊಳ್ತೀರಾ, ಹೇಳದಿದ್ರೆ ಹೀಗೆ. ಏನ್ರೀ ಮಾಡ್ಬೇಕು ನಾನು?’ ಅರ್ಧ ಸುತ್ತು ಮಾತಿಲ್ಲ. ಆಮೇಲೆ ತಾನಾಗಿ ಅಂದಳು: ‘ಅವನು ಮನೆ ಕಥೆ ಜಾಸ್ತಿ ಹೇಳ್ತಾನೆ, ನಿಜ. ನಾನೂ ಕೇಳ್ತಾ ಕೂರ್ತೀನಿ. ಯಾರೋ ನನ್ನ ಅಭಿಪ್ರಾಯ ಕೇಳ್ತಾರಲ್ಲ ಅಂತ ಇಷ್ಟ ಆಗ್ತಿತ್ತು. ನೀವು ಅಂಗಡಿಯಿಂದ ಬಂದ್ರೆ ಮೊಬೈಲು, ಊಟ, ನಿದ್ದೆ.’

ನಡೆಯುವುದು ಹೆಚ್ಚಾಗಿ ಹೀಗೇ. ಪೂರ್ತಿ ಬಿಳಿಯೂ ಅಲ್ಲ, ಪೂರ್ತಿ ಕಪ್ಪೂ ಅಲ್ಲ. ಮಂಜುನಾಥನ ಹಾಳೆಯ ಬಹುಪಾಲು ತಪ್ಪು. ಆದರೆ ಒಂದು ಸಾಲು, ಕಿರಣನ ಸಂಸಾರದ ಕಷ್ಟದ್ದು, ಸರಿಯಾಗಿಯೇ ಚುಚ್ಚಿತ್ತು.

ಆಮೇಲೆ ಏನು ಕೇಳಬಹುದು, ಏನು ಕೇಳಬಾರದು

ಅಪ್ಪಣೆಗೂ ಕೋರಿಕೆಗೂ ಇರುವ ಗೆರೆ ಇಲ್ಲಿ ಮುಖ್ಯ. ‘ಆ ರೈಲಿಗೆ ಹೋಗಬೇಡ, ಕೆಲಸ ಬಿಡು, ಅವನ ನಂಬರ್ ತೆಗಿ’ ಅನ್ನುವುದು ಅಪ್ಪಣೆ. ಅವಳ ಸಂಬಳ, ಸ್ನೇಹ, ಓಡಾಟ ಎಲ್ಲದಕ್ಕೂ ಅದು ಕೈ ಹಾಕುತ್ತದೆ. ‘ಅವನ ಮನೆ ಕಷ್ಟಕ್ಕೆ ನೀನೊಬ್ಬಳೇ ಕಿವಿ ಆಗಬೇಡ, ನಮ್ಮ ಮನೆ ವಿಷಯ ಅಲ್ಲಿ ಬೇಡ’ ಅನ್ನುವುದು ಕೋರಿಕೆ. ಕೋರಿಕೆ ಸಣ್ಣದಾಗಿರಬೇಕು, ಇಂಥದ್ದೇ ಅಂತ ಹೇಳುವಂತಿರಬೇಕು, ಪ್ರತಿಯಾಗಿ ನೀವೂ ಏನಾದರೂ ಒಪ್ಪಿಕೊಳ್ಳಬೇಕು. ಇಲ್ಲಿ ಮಂಜುನಾಥನ ಪಾಲು ಎರಡು: ಹೆಸರು ಕೇಳಿದಾಗ ಮುಖ ತಿರುಗಿಸದಿರುವುದು, ರಾತ್ರಿ ಊಟಕ್ಕೆ ಕೂತಾಗ ಮೊಬೈಲ್ ಬದಿಗಿಟ್ಟು ಅವಳ ದಿನ ಹೇಗಿತ್ತು ಅಂತ ಕೇಳುವುದು. ಕಿರಣನ ಬಗ್ಗೆ ಅಲ್ಲ, ದಿನದ ಬಗ್ಗೆ.

ಆರು ವಾರ ಬಿಡಿ. ಈ ನಡುವೆ ಪದೇ ಪದೇ ಕೆದಕಬೇಡಿ. ಬರೀ ಉತ್ಸಾಹವಾಗಿದ್ದರೆ ಹೆಸರು ತಾನಾಗಿ ಬೇರೆ ಹೆಸರುಗಳ ನಡುವೆ ಬೆರೆತುಹೋಗುತ್ತದೆ. ‘ಅವನಾ, ಇದ್ದಾನೆ ಬಿಡಿ’ ಅನ್ನುವ ಮಾತು ಬರುತ್ತದೆ. ಒಪ್ಪಿದ ಮೇಲೂ ಕದ್ದು ಭೇಟಿ, ಕೇಳಿದ್ದಕ್ಕೆ ಒಂದೊಂದು ದಿನ ಒಂದೊಂದು ಉತ್ತರ ಅಂತಾದರೆ ಅದು ಇಬ್ಬರೇ ಬಗೆಹರಿಸಿಕೊಳ್ಳುವ ಹಂತ ದಾಟಿದೆ. ಆಪ್ತ ಸಮಾಲೋಚಕರ ಹತ್ತಿರ ಇಬ್ಬರೂ ಸೇರಿ ಹೋಗಿ. ಮನೆಯ ಹಿರಿಯರ ಪಂಚಾಯಿತಿ ಅದಕ್ಕೆ ಬದಲಿ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ತೀರ್ಪು ಸಿಗುತ್ತದೆ, ಮಾತು ಸಿಗುವುದಿಲ್ಲ.

ಈ ಕ್ರಮ ಕೆಲಸ ಮಾಡದ ಕಡೆ

ಅನುಮಾನ ಒಬ್ಬರಿಂದ ಇನ್ನೊಬ್ಬರಿಗೆ ಹಾರುತ್ತಿದ್ದರೆ, ಇವತ್ತು ಕಿರಣ್, ನಾಳೆ ಹಾಲಿನವನು, ನಾಡಿದ್ದು ಭಾವಮೈದ ಅಂತಾದರೆ, ಎಷ್ಟು ಸ್ಪಷ್ಟ ಉತ್ತರ ಸಿಕ್ಕರೂ ಗಂಟೆಯೊಳಗೆ ವಾಪಸ್ ಬಂದರೆ, ಅದು ಕಾಯಿಲೆಯ ರೂಪ ಪಡೆದಿರಬಹುದು. ಜಾಸ್ತಿ ಕುಡಿಯುವವರಲ್ಲಿ ಇಂಥ ಸಂಶಯ ಕಾಣಿಸಿಕೊಳ್ಳುವುದು ಮನೋವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಹಾಳೆ ಬರೆಯುವುದರಿಂದ ಅದು ಹೋಗುವುದಿಲ್ಲ, ಚಿಕಿತ್ಸೆ ಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮೊದಲು ಫೋನಿನಲ್ಲೇ ಕೇಳಬೇಕು ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅನುಮಾನ ಪಡುವವರು ಹೊಡೆಯುವುದು, ಕೂಡಿಹಾಕುವುದು, ಹೆದರಿಸುವುದು ಮಾಡುತ್ತಿದ್ದರೆ ಕೆರೆ ಸುತ್ತ ನಡೆದು ಮಾತಾಡುವ ಪ್ರಶ್ನೆಯೇ ಇಲ್ಲ. ಆಗ ಮೊದಲು ಅಲ್ಲಿಂದ ಸುರಕ್ಷಿತ ಜಾಗಕ್ಕೆ ಹೋಗಬೇಕು. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112.